ಐಸ್‌ಕ್ರೀಮ್ ಬೆವರುವ ಆ ಒಂದು ನಿಮಿಷ

ಏಪ್ರಿಲ್ ತಿಂಗಳು. ವಿಜಯಪುರದ ಒಂದು ಐಸ್‌ಕ್ರೀಮ್ ಪಾರ್ಲರಿನ ಮಾಲೀಕರು ಫೋನ್ ಮಾಡಿದರು. ಹೊಸ ಮೆನು ಬೋರ್ಡ್ ಮಾಡಿಸ್ತಿದ್ದಾರೆ, ಆರು ಫ್ಲೇವರ್, ಆರು ಫೋಟೊ. "ಸರ್ರ, ಉಂಡಿ ಎಲ್ಲಾ ಒಂದ ಸೈಜ್ ಕಾಣಬೇಕ್ರಿ. ಮ್ಯಾಲಿಂದ ಹನಿ ಇಳೀತಿರಬೇಕು. ಮತ್ತ ಆ ತಣ್ಣನ ಹೊಗಿ ಬರತೈತಲ್ರಿ, ಅದೂ ಬೇಕ್ರಿ" ಅಂದರು. ಆಗಲಿ ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ತಲೆ ಕೆರೆದುಕೊಂಡೆ.

ಯಾಕಂದರೆ ಇವರು ಕೇಳಿದ ಮೂರೂ ಒಂದರ ಜೊತೆ ಒಂದು ಜಗಳ ಆಡುವ ವಸ್ತುಗಳು. ಉಂಡೆಯ ಆಕಾರ ನಿಲ್ಲಬೇಕಾದರೆ ಐಸ್‌ಕ್ರೀಮ್ ಗಟ್ಟಿ ಇರಬೇಕು, ಅಂದರೆ ಸುಮಾರು ಮೈನಸ್ 12 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗೆ. ಹನಿ ಇಳಿಯಬೇಕಾದರೆ ಅದರ ಮೇಲ್ಮೈ ಹತ್ತತ್ತಿರ ಮೈನಸ್ 3 ದಾಟಿ ಮೇಲೆ ಬಂದಿರಬೇಕು, ಸಕ್ಕರೆ ಹಾಕಿದ ಹಾಲು ನೀರಾಗಿ ಹರಿಯುವುದು ಅಲ್ಲಿಂದಲೇ. ಹೊಗೆ ಬರಬೇಕಾದರೆ ಐಸ್‌ಕ್ರೀಮ್ ತಣ್ಣಗಿದ್ದರೆ ಸಾಲದು, ಸುತ್ತಲಿನ ಗಾಳಿಯಲ್ಲಿ ತೇವ ಇರಬೇಕು. ಏಪ್ರಿಲ್‌ನಲ್ಲಿ, ವಿಜಯಪುರದಲ್ಲಿ, ತೇವ! ಸುಮ್ನೆ ಒಂದು ಉಂಡೆ ಬಟ್ಟಲಲ್ಲಿ ಇಟ್ಟು ಕ್ಯಾಮೆರಾ ಹಿಡಿದು ಕಾದರೆ ಈ ಮೂರೂ ಒಟ್ಟಿಗೆ ಯಾವತ್ತೂ ಸಿಗಲ್ಲ. ಹನಿ ಬರುವ ಹೊತ್ತಿಗೆ ಉಂಡೆ ಕುಸಿದಿರುತ್ತದೆ, ಉಂಡೆ ಚೆನ್ನಾಗಿದ್ದಾಗ ಹನಿ ಇರಲ್ಲ, ಹೊಗೆಯಂತೂ ಬರುವುದೇ ಇಲ್ಲ.

ಹಾಗಾಗಿ ಕೆಲಸದ ಗುಟ್ಟು ಇಷ್ಟೇ: ಮೂರನ್ನೂ ಬೇರೆ ಬೇರೆ ಮಾಡಿ, ಒಂದೇ ನಿಮಿಷದೊಳಗೆ ಒಂದು ಕಡೆ ಸೇರಿಸುವುದು. ನಾವು ಹೇಗೆ ಮಾಡಿದೆವು ಅಂತ ಮಾವಿನ ಫ್ಲೇವರನ್ನೇ ಹಿಡಿದು ಹೇಳ್ತೀನಿ.

ಮೊದಲು ಉಂಡೆ. ಕೆಲಸ ಶುರುವಾಗುವುದು ಹಿಂದಿನ ದಿನ ರಾತ್ರಿ. ಪಾರ್ಲರಿನಲ್ಲಿ ಸಾಮಾನ್ಯವಾಗಿ ಎರಡು ಫ್ರೀಜರ್ ಇರುತ್ತವೆ. ಒಳಗಿನ ಡೀಪ್ ಫ್ರೀಜರ್ ಮೈನಸ್ 18 ಅಥವಾ ಇನ್ನೂ ಕೆಳಗೆ. ಗಿರಾಕಿಗಳ ಎದುರಿನ ಗಾಜಿನ ಡಿಸ್‌ಪ್ಲೇ ಫ್ರೀಜರ್ ಮೈನಸ್ 12ರಿಂದ 14ರ ಆಸುಪಾಸು. ಡೀಪ್ ಫ್ರೀಜರಿನಿಂದ ನೇರ ತೆಗೆದ ಡಬ್ಬಿಗೆ ಸ್ಕೂಪ್ ಹಾಕಿದರೆ ಐಸ್‌ಕ್ರೀಮ್ ಸುತ್ತಿಕೊಳ್ಳಲ್ಲ, ಚೂರು ಚೂರಾಗಿ ಕಿತ್ತು ಬರುತ್ತದೆ. ಅದನ್ನೇ ಹೊರಗಿಟ್ಟು ಹತ್ತು ನಿಮಿಷ ಬಿಟ್ಟರೆ ಅಂಚು ಕರಗಿ, ನಡು ಕಲ್ಲಾಗಿಯೇ ಉಳಿಯುತ್ತದೆ. ಆದ್ದರಿಂದ ಹಿಂದಿನ ರಾತ್ರಿಯೇ ಹೊಸ ಡಬ್ಬಿಗಳನ್ನು ಒಳಗಿನ ಫ್ರೀಜರಿನಿಂದ ಗಾಜಿನ ಫ್ರೀಜರಿಗೆ ಸಾಗಿಸಿ ಅಂತ ಹೇಳಿದ್ದೆ. ಬೆಳಿಗ್ಗೆ ಒಂದು ಚುಚ್ಚುವ ಥರ್ಮಾಮೀಟರ್ ಡಬ್ಬಿಯ ನಡುವಿಗೆ ಇಳಿಸಿ ನೋಡಿದಾಗ ಮೈನಸ್ 13 ತೋರಿಸಿತು. ಅದು ಸರಿಯಾದ ಹದ.

ಹೊಸ ಡಬ್ಬಿನೇ ಯಾಕೆ ಅಂದರೆ, ದಿನವಿಡೀ ತೆಗೆದು ಹಾಕಿ ಮಾಡಿದ ಡಬ್ಬಿಯಲ್ಲಿ ಐಸ್‌ಕ್ರೀಮ್ ಸ್ವಲ್ಪ ಕರಗಿ ಮತ್ತೆ ಗಟ್ಟಿಯಾಗಿರುತ್ತದೆ. ಕರೆಂಟ್ ಹೋಗಿ ಬಂದರೂ ಅಷ್ಟೇ. ಹಾಗೆ ಆದಾಗಲೆಲ್ಲ ಒಳಗಿನ ಸಣ್ಣ ಮಂಜಿನ ಹರಳುಗಳು ಸೇರಿ ದೊಡ್ಡದಾಗುತ್ತವೆ. ತಿನ್ನುವಾಗ ನಾಲಿಗೆಗೆ ಮರಳು ಮರಳಾಗಿ ಸಿಗುತ್ತದಲ್ವಾ, ಅದೇ. ಕ್ಯಾಮೆರಾಕ್ಕೆ ಅದು ನಾಲಿಗೆಗಿಂತ ಜಾಸ್ತಿ ಕಾಣುತ್ತದೆ. ಹೊಸ ಡಬ್ಬಿಯಲ್ಲೂ ಮೇಲಿನ ಒಂದು ಸೆಂಟಿಮೀಟರ್ ಪದರ ಕೆರೆದು ತೆಗೆದೆವು. ಪಾರ್ಲರ್ ಹುಡುಗರು ಅದನ್ನು ಖುಷಿಯಿಂದ ಖಾಲಿ ಮಾಡಿದರು.

ಇನ್ನು ಸ್ಕೂಪ್ ಹೊಡೆಯುವ ರೀತಿ. ಪಾರ್ಲರ್ ಹುಡುಗರ ಕೈ ಚುರುಕು, ಆದರೆ ಅವರಿಗೆ ಅಭ್ಯಾಸ ಆಗಿರುವುದು ಬೇಗ ಬೇಗ ಅಗೆದು, ಡಬ್ಬಿಯ ಅಂಚಿಗೆ ಒತ್ತಿ, ಬಟ್ಟಲಿಗೆ ಹಾಕುವುದು. ಒತ್ತಿದರೆ ಒಳಗಿನ ಗಾಳಿ ಹೋಗಿ ಉಂಡೆ ಸಾಬೂನಿನ ಹಾಗೆ ನುಣ್ಣಗಾಗುತ್ತದೆ. ನಮಗೆ ಬೇಕಾದದ್ದು ಮೇಲೆ ಸ್ವಲ್ಪ ಒರಟು ಗೆರೆಗಳು, ಕೆಳಗೆ ಸುತ್ತಲೂ ಹರಿದ ನೆರಿಗೆಯಂಥ ಅಂಚು. ಕಣ್ಣಿಗೆ "ಇದು ನಿಜವಾದ ಐಸ್‌ಕ್ರೀಮ್" ಅಂತ ಹೇಳುವುದು ಆ ನೆರಿಗೆಯೇ. ಅದಕ್ಕೆ ಅಗೆಯಬಾರದು, ಎಳೆಯಬೇಕು. ಡಬ್ಬಿಯ ಆ ತುದಿಯಿಂದ ನಮ್ಮ ಕಡೆಗೆ ಒಂದು ಸೆಂಟಿಮೀಟರ್ ಆಳದಲ್ಲಿ ಉದ್ದಕ್ಕೆ ಎಳೆದರೆ ಐಸ್‌ಕ್ರೀಮ್ ಚಾಪೆ ಸುತ್ತಿದ ಹಾಗೆ ತನ್ನಷ್ಟಕ್ಕೆ ತಾನೇ ಸುತ್ತಿಕೊಂಡು ಬರುತ್ತದೆ. ಸ್ಕೂಪಿನ ಗುಂಡಿ ತುಂಬಿ, ಅದರ ಅಂಚಿನಿಂದ ಸ್ವಲ್ಪ ಹೊರಗೆ ಬಂದಾಗ ನಿಲ್ಲಿಸಬೇಕು. ಹೊರಗೆ ಬಂದದ್ದೇ ನೆರಿಗೆ. ಅದನ್ನು ಸವರಿ ಚೊಕ್ಕ ಮಾಡಬೇಡಿ.

ಸ್ಕೂಪನ್ನು ನೀರಿನಲ್ಲಿ ಅದ್ದುವ ರೂಢಿ ಎಲ್ಲ ಕಡೆ ಇದೆ. ಮಾರಾಟಕ್ಕೆ ಸರಿ, ಫೋಟೊಗೆ ಬೇಡ. ಆ ನೀರು ಉಂಡೆಯ ಮೇಲೆ ತೆಳುವಾಗಿ ಹೆಪ್ಪುಗಟ್ಟಿ ಗಾಜಿನ ಪೊರೆಯ ಹಾಗೆ ಕೂರುತ್ತದೆ, ಲೈಟ್ ಬಿದ್ದರೆ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ ಹೊಡೆಯುತ್ತದೆ. ಒಣ ಸ್ಕೂಪ್ ಬಳಸಿ, ಪ್ರತಿ ಸಲ ಒಣ ಬಟ್ಟೆಯಲ್ಲಿ ಒರೆಸಿ. ಇನ್ನೊಂದು ಸಣ್ಣ ವಿಷಯ, ಹಿಡಿಕೆ ಒತ್ತಿದಾಗ ಒಳಗಿನ ಪಟ್ಟಿ ತಿರುಗಿ ಉಂಡೆಯನ್ನು ಬಿಡಿಸುತ್ತದಲ್ಲ, ಆ ಪಟ್ಟಿ ಉಂಡೆಯ ಮೇಲೆ ಒಂದು ಗೆರೆ ಬಿಟ್ಟುಹೋಗುತ್ತದೆ. ಆ ಕಡೆಯನ್ನು ಕ್ಯಾಮೆರಾಕ್ಕೆ ಕಾಣದ ಹಾಗೆ ಹಿಂದಕ್ಕೆ ತಿರುಗಿಸಿ ಇಡಬೇಕು. ಆರು ಫೋಟೊಗಳಲ್ಲಿ ಒಂದರಲ್ಲಿ ಆ ಗೆರೆ ಎದುರಿಗೆ ಬಂದರೂ ಬೋರ್ಡಿನಲ್ಲಿ ಅದೊಂದೇ ಬೇರೆ ಅಂಗಡಿಯಿಂದ ತಂದ ಹಾಗೆ ಕಾಣುತ್ತದೆ.

ಆರೂ ಒಂದೇ ಸಮ ಕಾಣಬೇಕು ಅಂದರೆ ಕಣ್ಣಂದಾಜು ನಂಬಬೇಡಿ. ಸ್ಕೂಪಿಗೆ ನಂಬರ್ ಇರುತ್ತದೆ, ನಂಬರ್ ಜಾಸ್ತಿ ಆದಷ್ಟೂ ಉಂಡೆ ಚಿಕ್ಕದು. 16 ನಂಬರಿನದು ಸುಮಾರು 60 ಮಿಲಿ ಹಿಡಿಯುತ್ತದೆ. ನಾವು ಆರೂ ಫ್ಲೇವರಿಗೆ ಅದೊಂದನ್ನೇ ಬಳಸಿದೆವು. ಆಮೇಲೆ ಅಡುಗೆಮನೆಯ ಡಿಜಿಟಲ್ ತಕ್ಕಡಿ. ಮಾವಿನಲ್ಲಿ ಮನಸ್ಸಿಗೆ ಬಂದ ಒಂದು ಉಂಡೆ ತೂಗಿದಾಗ 50 ಗ್ರಾಂ ಇತ್ತು. ಉಳಿದ ಮಾವಿನ ಉಂಡೆಗಳೆಲ್ಲ 47ರಿಂದ 53ರೊಳಗೆ ಬಂದರೆ ಮಾತ್ರ ಇಟ್ಟುಕೊಂಡೆವು. ತೂಕ ಫ್ಲೇವರಿನಿಂದ ಫ್ಲೇವರಿಗೆ ಬದಲಾಗುತ್ತದೆ, ಯಾಕಂದರೆ ಒಂದೊಂದರಲ್ಲಿ ಗಾಳಿ ಒಂದೊಂದು ಥರ ತುಂಬಿರುತ್ತದೆ. ಚಾಕೊಲೇಟಿನ 50 ಗ್ರಾಂ ಗಾತ್ರದಲ್ಲಿ ಮಾವಿನ 50 ಗ್ರಾಂನಷ್ಟು ಇರಬೇಕಂತಿಲ್ಲ. ಹಾಗಾಗಿ ಒಂದು ಫ್ಲೇವರಿನ ಒಳಗೆ ತೂಕ ನೋಡಿ, ಫ್ಲೇವರುಗಳ ನಡುವೆ ಗಾತ್ರ ನೋಡಿ. ಗಾತ್ರಕ್ಕೆ ನಾನು ರಟ್ಟಿನಲ್ಲಿ ಉಂಡೆಯ ಅರ್ಧ ವೃತ್ತ ಕತ್ತರಿಸಿಟ್ಟುಕೊಂಡಿದ್ದೆ, ಪ್ರತಿ ಉಂಡೆಯ ಹಿಂದೆ ಹಿಡಿದು ನೋಡಿದರೆ ಎತ್ತರ ಅಗಲ ತಕ್ಷಣ ತಿಳಿಯುತ್ತದೆ.

ಒಂದು ಫ್ಲೇವರಿಗೆ ಹನ್ನೆರಡು ಉಂಡೆ. ಬೆಣ್ಣೆ ಕಾಗದ ಹಾಸಿದ ಸ್ಟೀಲ್ ತಟ್ಟೆಯನ್ನು ಮೊದಲೇ ಡೀಪ್ ಫ್ರೀಜರಿನಲ್ಲಿಟ್ಟು, ಅದರ ಮೇಲೆ ಉಂಡೆ ಜೋಡಿಸಿ, ಮತ್ತೆ ಮೈನಸ್ 18ರಲ್ಲಿ ಎರಡು ತಾಸು. ಮೇಲೊಂದು ಡಬ್ಬಿ ಮುಚ್ಚಿಡಿ, ಇಲ್ಲದಿದ್ದರೆ ಫ್ರೀಜರಿನ ಗಾಳಿಯ ಮಂಜು ಕೂತು ಉಂಡೆ ಬೆಳ್ಳಗಾಗುತ್ತದೆ. ಹನ್ನೆರಡರಲ್ಲಿ ಫೋಟೊಗೆ ಯೋಗ್ಯವಾದದ್ದು ಮೂರೋ ನಾಲ್ಕೋ. ಮಾಲೀಕರು ತಟ್ಟೆ ನೋಡಿ "ಒಂದ್ ಫೋಟೊಕ್ಕ ಹನ್ನೆರಡ್ ಉಂಡಿನಾ? ನಾ ಅಂಗಡಿ ಮುಚ್ಚಬೇಕಾಗತೈತ್ರಿ" ಅಂದರು. ತಮಾಷೆಗೇ ಅಂದದ್ದು, ಆದರೆ ಖರ್ಚು ಮೊದಲೇ ಹೇಳಿಡುವುದು ಒಳ್ಳೆಯದು.

ಈಗ ಹನಿ. ಇದರಲ್ಲೇ ನಾನು ಹಿಂದೊಮ್ಮೆ ಪೂರ್ತಿ ಒಂದು ದಿನ ಹಾಳು ಮಾಡಿಕೊಂಡಿದ್ದೆ. ಐಸ್‌ಕ್ರೀಮ್ ಅಂದಮೇಲೆ ಕರಗುತ್ತದೆ, ಕರಗಿದರೆ ಹನಿ ಬರುತ್ತದೆ ಅಂತ ಕಾದು ಕೂತಿದ್ದೆ. ಇಪ್ಪತ್ತು ನಿಮಿಷ ಆದರೂ ಹನಿ ಇಲ್ಲ. ಉಂಡೆ ಹಾಗೇ ಮೆತ್ತಗೆ ಕುಗ್ಗಿ, ಸೋಪಿನ ನೊರೆಯ ಗುಡ್ಡೆ ಥರ ಕೂತಿತ್ತು. ತಪ್ಪು ಬಿಸಿಲಿನದಲ್ಲ, ಐಸ್‌ಕ್ರೀಮಿನ ಒಳಗಿನದು. ಐಸ್‌ಕ್ರೀಮ್ ಅಂದರೆ ಮಂಜಿನ ಹರಳು, ಕೊಬ್ಬು, ಸಕ್ಕರೆ ನೀರು, ಮತ್ತು ತುಂಬಾ ಗಾಳಿ. ಗಟ್ಟಿತನಕ್ಕೆ ಹಾಕುವ ಗೋರಿಕಾಯಿ ಬೀಜದ ಅಂಟು, ಅಂದರೆ ಗೌರ್ ಗಮ್, ಮತ್ತು ಅಂಥವೇ ಇತರ ವಸ್ತುಗಳು ಜಾಸ್ತಿ ಇದ್ದರೆ ಮಂಜು ಕರಗಿದರೂ ನೀರು ಓಡಿಹೋಗಲ್ಲ. ಗಾಳಿ ಗುಳ್ಳೆಗಳ ಸುತ್ತ ಕೊಬ್ಬು ಬಲೆಯ ಹಾಗೆ ಹೆಣೆದುಕೊಂಡು ಆಕಾರವನ್ನು ಹಿಡಿದಿಡುತ್ತದೆ. ತಿನ್ನುವವರಿಗೆ ಅದು ಅನುಕೂಲ, ಕೈ ಮೇಲೆ ಸೋರಲ್ಲ. ಫೋಟೊ ತೆಗೆಯುವವನಿಗೆ ಕಷ್ಟ.

ಹಾಗಾಗಿ ಈಗ ಶೂಟಿಗೆ ಮೊದಲು ಒಂದು ಪರೀಕ್ಷೆ ಮಾಡ್ತೀನಿ. ಚಹಾ ಸೋಸುವ ಜರಡಿ ಒಂದು ಲೋಟದ ಮೇಲಿಟ್ಟು, ಅದರಲ್ಲಿ ಒಂದು ಉಂಡೆ ಇಟ್ಟು, ಮೊಬೈಲಿನಲ್ಲಿ ಟೈಮರ್ ಹಾಕಿ ಕೂರುವುದು. ಮೊದಲ ಹನಿ ಯಾವಾಗ ಬಿತ್ತು, ಬಿದ್ದದ್ದು ಹಾಲಿನ ಹಾಗೆ ದಪ್ಪವಾಗಿದೆಯೋ ನೀರಿನ ಹಾಗೆ ತೆಳುವಾಗಿದೆಯೋ, ಉಂಡೆ ಸಣ್ಣಗಾಯಿತೋ ಕುಸಿಯಿತೋ ಅಂತ ಬರೆದಿಟ್ಟುಕೊಳ್ಳುವುದು. ಐಸ್‌ಕ್ರೀಮ್ ತಯಾರಿಸುವವರೂ ಗುಣಮಟ್ಟ ನೋಡಲು ಹೆಚ್ಚುಕಡಿಮೆ ಇದೇ ಥರ ಜಾಳಿಗೆಯ ಮೇಲಿಟ್ಟು ನೋಡ್ತಾರೆ. ಆ ದಿನ ಮಾವಿನದು ಎಂಟನೇ ನಿಮಿಷಕ್ಕೆ ಮೊದಲ ಹನಿ ಬಿಟ್ಟಿತು. ಇಂಡಿ ಲಿಂಬಿ ಹಣ್ಣಿನ ಸೋರ್ಬೆ, ಅಂದರೆ ಹಾಲು ಹಾಕದೆ ಹಣ್ಣಿನ ರಸದಿಂದ ಮಾಡಿದ್ದು, ಮೂರನೇ ನಿಮಿಷಕ್ಕೇ ಸೋರತೊಡಗಿತು. ಅದರಲ್ಲಿ ಕೊಬ್ಬೇ ಇಲ್ಲವಲ್ಲ, ಹಿಡಿದಿಡಲು ಏನೂ ಇಲ್ಲ.

ಎಂಟು ನಿಮಿಷ ಕಾದರೆ ಉಂಡೆಯ ನೆರಿಗೆ ಎಲ್ಲ ಹೋಗಿರುತ್ತದೆ. ಅದಕ್ಕೇ ಹನಿಯನ್ನು ಹೊರಗಿನಿಂದ ಕೊಡಬೇಕು. ಮೋಸ ಅಲ್ಲ, ಅದೇ ಡಬ್ಬಿಯ ಐಸ್‌ಕ್ರೀಮನ್ನೇ ಅರ್ಧ ಬಟ್ಟಲು ಕರಗಿಸಿ, ಫ್ರಿಜ್ಜಿನ ಕೆಳಗಿನ ಭಾಗದಲ್ಲಿ 4 ಡಿಗ್ರಿಯಲ್ಲಿ ಒಂದು ತಾಸು ಇಟ್ಟೆವು. ತಾಸು ಇಡುವುದು ಎರಡು ಕಾರಣಕ್ಕೆ. ಒಂದು, ಕರಗಿದಾಗ ಮೇಲೆ ಬರುವ ನೊರೆ ಒಡೆದು ಹೋಗಬೇಕು, ಇಲ್ಲದಿದ್ದರೆ ಹನಿಯಲ್ಲಿ ಗುಳ್ಳೆ ಕಾಣುತ್ತದೆ. ಎರಡು, ತಣ್ಣಗಾದಷ್ಟೂ ದಪ್ಪ. ಬೆಚ್ಚಗಿನ ಹಾಲು ಉಂಡೆಯನ್ನು ಕೊರೆದುಕೊಂಡು ಸರ್ರನೆ ಕೆಳಗೆ ಓಡುತ್ತದೆ, ತಣ್ಣನೆಯದು ನಿಧಾನ ಇಳಿದು, ಉಂಡೆಯ ಚಳಿಗೆ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ನಮಗೆ ಬೇಕಾದದ್ದು ಆ ನಿಲ್ಲುವಿಕೆ.

ಹನಿಗೆ ದಾರಿಯೂ ಮಾಡಿಕೊಡಬೇಕು. ಬಿದಿರಿನ ಕಡ್ಡಿಯ ತುದಿಯಿಂದ ಉಂಡೆಯ ಮೇಲೆ ಕೂದಲಿನಷ್ಟು ಸಣ್ಣ ಗೆರೆ ಎಳೆದರೆ ದ್ರವ ಅದರಲ್ಲೇ ಹರಿಯುತ್ತದೆ. ಗೆರೆ ನೆಟ್ಟಗೆ ಇರಬಾರದು, ಮಳೆ ನೀರು ಗೋಡೆ ಮೇಲೆ ಇಳಿಯುವ ಹಾಗೆ ಸ್ವಲ್ಪ ಸೊಟ್ಟಗೆ. ಸೂಜಿ ಇಲ್ಲದ 5 ಮಿಲಿ ಸಿರಿಂಜಿನಿಂದ ಮೇಲಿನ ತುದಿಯಲ್ಲಿ ಮೊದಲು ಅರ್ಧ ಮಿಲಿ ಬಿಡಿ. ಅದು ಇಳಿದು ನಿಂತ ಮೇಲೆ ಅದೇ ದಾರಿಯಲ್ಲಿ ಇನ್ನೊಂದು ಸ್ವಲ್ಪ. ಎರಡನೆಯದು ಮೊದಲನೆಯದರ ಮೇಲೆ ಜಾರಿ ಹೋಗಿ ತುದಿಯಲ್ಲಿ ದಪ್ಪ ಹನಿಯಾಗಿ ತೂಗುತ್ತದೆ. ನಿಜವಾದ ಹನಿಯ ಆಕಾರವೇ ಅದು, ಮೇಲೆ ತೆಳು, ಕೆಳಗೆ ಗುಂಡು. ಒಂದೇ ಸಲ ಒಂದೂವರೆ ಮಿಲಿ ಸುರಿದರೆ ಹನಿ ಅಲ್ಲ, ಪಟ್ಟಿ ಆಗುತ್ತದೆ. ಒಂದು ಉಂಡೆಗೆ ಎದುರಿನಿಂದ ಕಾಣುವ ಹಾಗೆ ಎರಡು ಹನಿ ಸಾಕು, ಉದ್ದ ಬೇರೆ ಬೇರೆ ಇರಲಿ. ನಾಲ್ಕಾದರೆ ಯಾರೋ ಚೆಲ್ಲಿದ ಹಾಗೆ ಕಾಣುತ್ತದೆ.

ಇಲ್ಲೊಂದು ವಿಚಿತ್ರ ನೋಡಿದೆವು. ಅದೇ ಡಬ್ಬಿಯ ಮಾವು, ಆದರೆ ಹನಿಯ ಬಣ್ಣ ಉಂಡೆಗಿಂತ ಗಾಢ. ಉಂಡೆ ತಿಳಿ ಹಳದಿ, ಹನಿ ಹೆಚ್ಚುಕಡಿಮೆ ಕೇಸರಿ. ಪಾರ್ಲರಿನ ಹುಡುಗ "ಇದಕ್ಕ ಬಣ್ಣ ಹಾಕಿರೇನ್ರಿ?" ಅಂತ ಅನುಮಾನ ಪಟ್ಟ. ಬಣ್ಣ ಹಾಕಿಲ್ಲ, ಗಾಳಿ ಹೋಗಿದೆ ಅಷ್ಟೇ. ಉಂಡೆಯೊಳಗಿನ ಸಣ್ಣ ಗಾಳಿ ಗುಳ್ಳೆಗಳು ಮತ್ತು ಮಂಜಿನ ಹರಳುಗಳು ಬೆಳಕನ್ನು ಎಲ್ಲ ಕಡೆ ಚೆದುರಿಸಿ ಬೆಳ್ಳಗೆ ತೋರಿಸುತ್ತವೆ. ಕರಗಿದ ಮೇಲೆ ಅವು ಇಲ್ಲ, ಹಣ್ಣಿನ ಅಸಲಿ ಬಣ್ಣ ಹೊರಗೆ ಬರುತ್ತದೆ. ಫೋಟೊಗೆ ಇದು ವರ, ಹನಿ ಉಂಡೆಯಿಂದ ಬೇರೆಯಾಗಿ ಎದ್ದು ಕಾಣುತ್ತದೆ. ಸೀತಾಫಲದಲ್ಲಿ ಮಾತ್ರ ತೊಂದರೆ ಆಯಿತು. ಅದು ಮೊದಲೇ ಬಿಳಿ, ಕರಗಿದ ಮೇಲೂ ಬಿಳಿ. ಅಲ್ಲಿ ಬಣ್ಣದಿಂದ ಆಗದ್ದನ್ನು ಲೈಟಿನಿಂದ ಮಾಡಬೇಕು, ಬದಿಯಿಂದ ಬೆಳಕು ಕೊಟ್ಟು ಹನಿಯ ಅಂಚಿಗೆ ಒಂದು ಹೊಳಪಿನ ಗೆರೆ ತರಿಸಬೇಕು.

ಹನಿಯಷ್ಟೇ ಮುಖ್ಯ ಇನ್ನೊಂದಿದೆ, ಬೆವರು. ಡೀಪ್ ಫ್ರೀಜರಿನಿಂದ ತೆಗೆದ ಉಂಡೆ ಮೊದಲು ಸುಣ್ಣ ಬಳಿದ ಹಾಗೆ ಮಂಕಾಗಿರುತ್ತದೆ. ಆಮೇಲೆ ಅಂಚುಗಳಲ್ಲಿ ಶುರುವಾಗಿ ಮೈಯೆಲ್ಲ ತೆಳು ಹೊಳಪು ಬರುತ್ತದೆ. ಅದಾದ ಮೇಲೆ ನೆರಿಗೆಯ ಚೂಪು ತುದಿಗಳು ದುಂಡಾಗುತ್ತವೆ, ಅಲ್ಲಿಗೆ ಆಟ ಮುಗೀತು. ಹೊಳಪು ಬಂದು, ತುದಿಗಳು ಇನ್ನೂ ಚೂಪಾಗಿರುವ ನಡುವಿನ ಹೊತ್ತೇ ನಮ್ಮದು. ಆ ಬೆಳಿಗ್ಗೆ ಕೋಣೆ 27 ಡಿಗ್ರಿ ಇದ್ದಾಗ ಮಾವಿನ ಉಂಡೆಗೆ ಸಿಕ್ಕದ್ದು ಹತ್ತಿರ ಹತ್ತಿರ ಒಂದು ನಿಮಿಷ. ಹನ್ನೊಂದು ಗಂಟೆಗೆ ಹೊರಗೆ ಬಿಸಿಲೇರಿ ಕೋಣೆ 33 ಆದಾಗ ಅರ್ಧ ನಿಮಿಷವೂ ಸಿಗಲಿಲ್ಲ. ಅದಕ್ಕೇ ನಾವು ಶುರು ಮಾಡಿದ್ದು ಬೆಳಿಗ್ಗೆ ಆರಕ್ಕೆ. ಲೈಟಿಗೆ ಹ್ಯಾಲೊಜೆನ್ ಬೇಡವೇ ಬೇಡ, ಅದು ಒಲೆ. ಫ್ಲಾಶ್ ಬಳಸಿದರೂ ಅದರೊಳಗೆ ಸದಾ ಉರಿಯುವ ಮಾಡೆಲಿಂಗ್ ಲ್ಯಾಂಪ್ ಆರಿಸಿ.

ಆ ಒಂದು ನಿಮಿಷದಲ್ಲಿ ಫೋಕಸ್, ಲೈಟ್ ಅಂತ ಒದ್ದಾಡಲು ಆಗಲ್ಲ. ಹಾಗಾಗಿ ಬೇಯಿಸಿದ ಆಲೂಗಡ್ಡೆಯನ್ನು ನುಣ್ಣಗೆ ಹಿಸುಕಿ ಅದೇ ಸ್ಕೂಪಿನಿಂದ ಒಂದು ಉಂಡೆ ಮಾಡಿ, ಅದನ್ನಿಟ್ಟು ಎಲ್ಲ ಹೊಂದಿಸಿಕೊಂಡೆವು. ಕ್ಯಾಮೆರಾ ಟ್ರೈಪಾಡಿಗೆ ಬಿಗಿದು, 100 ಎಂಎಂ ಮ್ಯಾಕ್ರೊ ಲೆನ್ಸ್, ಎಫ್ 8, ಸೆಕೆಂಡಿನ 160ನೇ ಒಂದು ಭಾಗ, ಐಎಸ್‌ಒ 100. ಫೋಕಸ್ ಉಂಡೆಯ ಎದುರಿನ ನೆರಿಗೆಗೆ ಹಿಡಿದು ಮ್ಯಾನುವಲ್‌ಗೆ ಹಾಕಿದೆ. ಬಟ್ಟಲು ಇಡುವ ಜಾಗಕ್ಕೆ ಮೇಜಿನ ಮೇಲೆ ಟೇಪಿನ ಗುರುತು. ಆರು ಫ್ಲೇವರ್ ಮುಗಿಯುವವರೆಗೂ ಕ್ಯಾಮೆರಾ, ಬಟ್ಟಲಿನ ಗುರುತು, ಲೈಟು ಯಾವುದನ್ನೂ ಅಲುಗಾಡಿಸಲಿಲ್ಲ. ಬೋರ್ಡಿನಲ್ಲಿ ಆರೂ ಒಂದೇ ಸಮ ಕಾಣಲು ಸ್ಕೂಪಿನಷ್ಟೇ ಇದೂ ಕಾರಣ. ಆದರೆ ಆಲೂಗಡ್ಡೆ ಅಲ್ಲಿಗೇ ಸಾಕು. ಮಾರುವುದು ಐಸ್‌ಕ್ರೀಮ್ ಆದರೆ ಫೋಟೊದಲ್ಲೂ ಐಸ್‌ಕ್ರೀಮೇ ಇರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿ ತಪ್ಪಿಸುವ ಜಾಹೀರಾತಿಗೆ ದಂಡ ಹಾಕುತ್ತದೆ. ಹಾಗೇ, ಹಾಲಿನ ಕೊಬ್ಬಿನ ಬದಲು ವನಸ್ಪತಿ ಕೊಬ್ಬು ಹಾಕಿ ಮಾಡಿದ್ದನ್ನು ನಮ್ಮ ಆಹಾರ ನಿಯಮದಲ್ಲಿ ಫ್ರೋಜನ್ ಡೆಸರ್ಟ್ ಅಂತಲೇ ಕರೆಯಬೇಕು. ಬೋರ್ಡಿನಲ್ಲಿ ಯಾವ ಫೋಟೊ ಕೆಳಗೆ ಏನು ಬರೀತೀರಿ ಅಂತ ಡಬ್ಬಿಯ ಲೇಬಲ್ ನೋಡಿ ಖಚಿತ ಮಾಡಿಕೊಳ್ಳಿ.

ಕೊನೆಗೆ ಹೊಗೆ. ಜನ ಹೊಗೆ ಅಂತಾರೆ, ಅಸಲಿಗೆ ಅದು ಮಂಜು. ತಣ್ಣನೆಯ ಗಾಳಿ ತೇವದ ಗಾಳಿಗೆ ತಾಗಿದಾಗ ಆ ತೇವ ಸಣ್ಣ ಸಣ್ಣ ನೀರಿನ ಕಣಗಳಾಗಿ ಕಣ್ಣಿಗೆ ಬೀಳುತ್ತದೆ. ಬೆಳಗಾವಿಯಲ್ಲಿ ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಡೀಪ್ ಫ್ರೀಜರಿನ ಬಾಗಿಲು ತೆರೆದರೆ ಮಂಜು ಹೊರಗೆ ಉರುಳಿ ಬರುವುದನ್ನು ನೋಡಿರಬಹುದು. ಅಲ್ಲಿ ಗಾಳಿಯಲ್ಲಿ ನೀರು ತುಂಬಿರುತ್ತದೆ, ಸ್ವಲ್ಪ ಚಳಿ ತಾಗಿದರೆ ಸಾಕು. ಅದೇ ಫ್ರೀಜರನ್ನು ಏಪ್ರಿಲ್ ಮಧ್ಯಾಹ್ನ ವಿಜಯಪುರದಲ್ಲಿ ತೆರೆದರೆ ಏನೂ ಇಲ್ಲ. 40 ಡಿಗ್ರಿ ಬಿಸಿಲಲ್ಲಿ ಗಾಳಿಯ ತೇವಾಂಶ 20 ಪ್ರತಿಶತಕ್ಕೆ ಇಳಿದಿದ್ದರೆ ಹುಟ್ಟಿದ ಮಂಜು ಅಲ್ಲೇ ಆರಿಹೋಗುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಮಂಜು ಪುಕ್ಕಟೆ ಸಿಗುತ್ತದೆ, ಆದರೆ ಅಲ್ಲಿ ಉಂಡೆ ಹೊರಗೆ ಬಂದ ಕೂಡಲೇ ಬಿಳಿ ಮಂಜು ಮೆತ್ತಿಕೊಂಡು ಬಣ್ಣ ಮುಚ್ಚುತ್ತದೆ. ಒಂದು ಊರಲ್ಲಿ ಇದರ ಕಾಟ, ಇನ್ನೊಂದು ಊರಲ್ಲಿ ಅದರ ಕಾಟ.

ಮಂಜಿಗೆ ಬದಲು ಊದುಬತ್ತಿ ಹಚ್ಚುವವರಿದ್ದಾರೆ. ನಾನೂ ಒಮ್ಮೆ ಹಚ್ಚಿದ್ದೆ. ಫೋಟೊ ನೋಡಿದವರೆಲ್ಲ "ಇದೇನು, ಬಿಸಿ ಬಿಸಿ ಇದೆಯಾ?" ಅಂದರು. ಯಾಕೆ ಅಂತ ಆಮೇಲೆ ಹೊಳೆಯಿತು. ಊದುಬತ್ತಿಯ ಹೊಗೆ ಬಿಸಿ, ಅದು ಮೇಲಕ್ಕೆ ಏರುತ್ತದೆ. ಐಸ್‌ಕ್ರೀಮಿನ ಮಂಜು ತಣ್ಣನೆಯ ಗಾಳಿಯ ಜೊತೆ ಕೆಳಕ್ಕೆ ಇಳಿಯುತ್ತದೆ, ಬಟ್ಟಲಿನ ಅಂಚು ದಾಟಿ ಮೇಜಿನ ಮೇಲೆ ಹರಡುತ್ತದೆ. ಚಹಾದ ಹಬೆ ಯಾವ ಕಡೆ ಹೋಗುತ್ತದೆ ಅಂತ ನಮ್ಮ ಕಣ್ಣಿಗೆ ಚಿಕ್ಕಂದಿನಿಂದ ಗೊತ್ತು. ದಿಕ್ಕು ತಪ್ಪಿದರೆ ಬೇರೆ ಎಲ್ಲ ಸರಿ ಇದ್ದರೂ ತಣ್ಣಗಿದೆ ಅನ್ನಿಸಲ್ಲ.

ಹಾಗಾಗಿ ಡ್ರೈ ಐಸ್. ಇದು ನೀರಿನ ಮಂಜುಗಡ್ಡೆ ಅಲ್ಲ, ಗಟ್ಟಿಯಾದ ಇಂಗಾಲದ ಡೈಆಕ್ಸೈಡ್, ಮೈನಸ್ 78 ಡಿಗ್ರಿ. ಕರಗಿ ನೀರಾಗಲ್ಲ, ನೇರ ಗಾಳಿಯಾಗುತ್ತದೆ. ಊರೊಳಗೆ ಸುಲಭಕ್ಕೆ ಸಿಗಲಿಲ್ಲ, ಹೊರಗಿನಿಂದ 5 ಕೆಜಿ ತರಿಸಿದೆವು. ಥರ್ಮೊಕೋಲ್ ಡಬ್ಬಿಯಲ್ಲಿಟ್ಟರೂ ಒಂದು ದಿನದಲ್ಲಿ ಅರ್ಧದಷ್ಟು ಹಾರಿಹೋಗಬಹುದು, ಹಾಗಾಗಿ ಶೂಟಿನ ಹಿಂದಿನ ಸಂಜೆಗೆ ಬರುವ ಹಾಗೆ ನೋಡಿಕೊಳ್ಳಿ.

ಬಟ್ಟಲಿನ ಹಿಂದೆ, ಕ್ಯಾಮೆರಾಕ್ಕೆ ಕಾಣದ ಹಾಗೆ, ಬಟ್ಟಲಿನ ಅಂಚಿಗಿಂತ ತುಸು ಎತ್ತರದಲ್ಲಿ ಒಂದು ಸ್ಟೀಲ್ ಲೋಟ ಇಟ್ಟೆವು. ಅದರಲ್ಲಿ ಅರ್ಧ ಲೋಟ ಬಿಸಿನೀರು. ಲಿಂಬಿ ಹಣ್ಣಿನ ಗಾತ್ರದ ಎರಡು ಚೂರು ಡ್ರೈ ಐಸ್ ಇಕ್ಕಳದಲ್ಲಿ ಹಿಡಿದು ಹಾಕಿದರೆ ಮಂಜು ಉಕ್ಕಿ ಬರುತ್ತದೆ. ನೀರು ಬಿಸಿ ಇದ್ದಷ್ಟೂ ಮಂಜು ದಟ್ಟ, ಆದರೆ ಬೇಗ ಮುಗಿಯುತ್ತದೆ. ಅದಲ್ಲದೆ ಬಿಸಿನೀರು ತಾನೇ ತೇವ ಕೊಡುವುದರಿಂದ ಒಣ ಹವೆಯ ಊರಿಗೆ ಇದು ಸರಿ ಹೊಂದುತ್ತದೆ. ಮೊದಲ ಕೆಲವು ಸೆಕೆಂಡ್ ಬಿಟ್ಟುಬಿಡಿ, ಆಗ ಅದು ಕೊತಕೊತ ಕುದಿದು ಮೋಡದ ಹಾಗೆ ಎಲ್ಲವನ್ನೂ ಮುಚ್ಚುತ್ತದೆ, ನೀರಿನ ಹನಿಯೂ ಸಿಡಿಯುತ್ತದೆ. ಆರ್ಭಟ ಇಳಿದ ಮೇಲೆ ತೆಳುವಾಗಿ ಅಂಚು ದಾಟಿ ಬರುವ ಮಂಜೇ ಚೆಂದ. ಫ್ಯಾನ್, ಎಸಿ ಎರಡೂ ಆಗ ಬಂದ್ ಇರಬೇಕು, ಇಲ್ಲದಿದ್ದರೆ ಮಂಜು ಚೆಲ್ಲಾಪಿಲ್ಲಿ.

ಮಂಜು ಕಾಣುವುದು ಹಿಂದಿನಿಂದ ಬೆಳಕು ಬಿದ್ದಾಗ ಮಾತ್ರ. ಬೆಳಗಿನ ಜಾವ ಗಾಡಿಯ ಹೆಡ್‌ಲೈಟ್ ಎದುರಿನಿಂದ ಬಂದಾಗ ಮಂಜು ಎಷ್ಟು ದಟ್ಟ ಕಾಣುತ್ತದೆ, ಹಾಗೆ. ಮುಖ್ಯ ಫ್ಲಾಶನ್ನು ಬಟ್ಟಲಿನ ಹಿಂದೆ ಎಡಕ್ಕೆ, ಗಡಿಯಾರದ ಹನ್ನೊಂದು ಗಂಟೆಯ ಜಾಗದಲ್ಲಿ ಇಟ್ಟೆ. ಎದುರಿಗೆ ಬಲಗಡೆ ಬಿಳಿ ರಟ್ಟು ಹಿಡಿದು ನೆರಳನ್ನು ತಿಳಿ ಮಾಡಿದೆ. ಹಿನ್ನೆಲೆ ಗಾಢ ನೀಲಿ ಬಟ್ಟೆ. ಬಿಳಿ ಹಿನ್ನೆಲೆ ಇಟ್ಟರೆ ಬಿಳಿ ಮಂಜು ಎಲ್ಲಿ ಕಾಣಬೇಕು?

ಇನ್ನು ಅಪಾಯದ ಮಾತು. ಬರಿಗೈಯಲ್ಲಿ ಮುಟ್ಟಿದರೆ ಸುಟ್ಟ ಗಾಯದಂಥದ್ದೇ ಆಗುತ್ತದೆ, ದಪ್ಪ ಕೈಗವಸು ಬೇಕು. ಡ್ರೈ ಐಸ್ ಇಟ್ಟ ಡಬ್ಬಿಯ ಮುಚ್ಚಳಕ್ಕೆ ಟೇಪ್ ಸುತ್ತಬೇಡಿ, ಬಾಟಲಿಗಂತೂ ಹಾಕಲೇಬೇಡಿ, ಗಾಳಿ ಹಿಗ್ಗಿ ಸಿಡಿಯುತ್ತದೆ. ಎಲ್ಲಕ್ಕಿಂತ ಜಾಸ್ತಿ ಜನ ಮರೆಯುವುದು ಉಸಿರಿನ ವಿಷಯ. 1 ಕೆಜಿ ಡ್ರೈ ಐಸ್ ಪೂರ್ತಿ ಗಾಳಿಯಾದರೆ 500 ಲೀಟರಿಗಿಂತ ಹೆಚ್ಚು. 10 ಅಡಿ ಉದ್ದ, ಅಗಲ, ಎತ್ತರದ ಮುಚ್ಚಿದ ಕೋಣೆಯಲ್ಲಿ ಅದು ಸುಮಾರು 2 ಪ್ರತಿಶತ ಆಗುತ್ತದೆ, ಹೊರಗಿನ ಗಾಳಿಯಲ್ಲಿ ಇರುವುದು 0.04 ಪ್ರತಿಶತದಷ್ಟು. ಹಿಂದೆ ಒಂದು ಶೂಟಿನಲ್ಲಿ ನಾನು ಕಿಟಕಿ ಮುಚ್ಚಿ ತಾಸುಗಟ್ಟಲೆ ಇದನ್ನೇ ಮಾಡುತ್ತಾ ಕೂತು, ತಲೆ ಭಾರ ಆದಾಗ ನಿದ್ದೆ ಕಮ್ಮಿ ಆಗಿದೆ ಅಂದುಕೊಂಡಿದ್ದೆ. ನಿದ್ದೆ ಅಲ್ಲ. ಆ ಗಾಳಿ ಭಾರ, ನೆಲದ ಹತ್ತಿರ ತುಂಬಿಕೊಳ್ಳುತ್ತದೆ, ಹಾಗಾಗಿ ಸಣ್ಣ ಮಕ್ಕಳನ್ನು ಆ ಕೋಣೆಗೆ ಬಿಡಬಾರದು. ಹತ್ತು ನಿಮಿಷಕ್ಕೊಮ್ಮೆ ಬಾಗಿಲು ಕಿಟಕಿ ತೆರೆದು ಫ್ಯಾನ್ ಹಾಕಿ.

ಮೂರನ್ನೂ ಸೇರಿಸಿದ್ದು ಹೀಗೆ. ಆಲೂಗಡ್ಡೆ ತೆಗೆದು, ಫ್ರೀಜರಿನಲ್ಲಿ ತಣಿದ ಖಾಲಿ ಬಟ್ಟಲನ್ನು ಗುರುತಿನ ಮೇಲಿಟ್ಟೆವು. ಉಂಡೆಯನ್ನು ತೆಳು ಚಪ್ಪಟೆ ಚಮಚದಿಂದ ಕಾಗದದಿಂದ ಎಬ್ಬಿಸಿ ಬಟ್ಟಲಿಗೆ. ಮಂಕು ಬಣ್ಣ ಹೋಗಲು ಕಾಯುತ್ತಾ ಕಡ್ಡಿಯಿಂದ ಎರಡು ಗೆರೆ. ಅಂಚಿನಲ್ಲಿ ಮೊದಲ ಹೊಳಪು ಕಂಡ ಕೂಡಲೇ ನಾನು "ಹೂಂ" ಅಂದೆ, ಹುಡುಗ ಡ್ರೈ ಐಸ್ ಲೋಟಕ್ಕೆ ಹಾಕಿದ, ನಾನು ಸಿರಿಂಜಿನಿಂದ ಹನಿ ಬಿಟ್ಟೆ. ಮಂಜಿನ ಅಬ್ಬರ ಇಳಿಯುವಷ್ಟರಲ್ಲಿ ಹನಿ ಅರ್ಧ ದಾರಿ ಇಳಿದು ತುದಿ ಗುಂಡಾಗಿತ್ತು. ಅಲ್ಲಿಂದ ರಿಮೋಟ್ ಒತ್ತುತ್ತಾ ಹೋದೆ, ಹದಿನಾಲ್ಕು ಫೋಟೊ. ಮೊದಲ ಉಂಡೆಯಲ್ಲಿ ಮಂಜು ಸರಿ, ಹನಿ ಉದ್ದವಾಗಿ ಬಟ್ಟಲಿಗೇ ಬಿತ್ತು. ಎರಡನೆಯದರಲ್ಲಿ ಹನಿ ಸರಿ, ಯಾರೋ ಬಾಗಿಲು ತೆರೆದು ಮಂಜು ಒಂದೇ ಕಡೆ ಓಡಿತು. ಮೂರನೆಯದರಲ್ಲಿ ಎಲ್ಲ ಕೂಡಿ ಬಂತು. ಕೂಡಿ ಬರದಿದ್ದರೂ ಒಂದು ದಾರಿ ಇಟ್ಟುಕೊಂಡಿದ್ದೆ: ಕ್ಯಾಮೆರಾ ಅಲುಗಾಡಿಸದೆ, ಖಾಲಿ ಬಟ್ಟಲಿಗೆ ಕಪ್ಪು ಬಟ್ಟೆಯ ಹಿನ್ನೆಲೆ ಇಟ್ಟು ಮಂಜನ್ನಷ್ಟೇ ಬೇರೆ ತೆಗೆದಿಡುವುದು. ಫೋಟೊಶಾಪಿನಲ್ಲಿ ಅದನ್ನು ಮೇಲಿನ ಲೇಯರ್ ಮಾಡಿ ಬ್ಲೆಂಡ್ ಮೋಡ್ ಸ್ಕ್ರೀನ್ ಅಂತ ಕೊಟ್ಟರೆ ಕಪ್ಪು ಮಾಯವಾಗಿ ಮಂಜು ಉಳಿಯುತ್ತದೆ. ಸೀತಾಫಲಕ್ಕೆ ಕೊನೆಗೆ ಅದನ್ನೇ ಮಾಡಿದೆ.

ಲಿಂಬಿ ಸೋರ್ಬೆಗೆ ಮಾತ್ರ ಕ್ರಮವನ್ನೇ ತಿರುಗಿಸಬೇಕಾಯಿತು. ಅದು ಮೂರೇ ನಿಮಿಷಕ್ಕೆ ತಾನಾಗಿ ಸೋರುತ್ತದೆ, ಹನಿಯೂ ಪಾರದರ್ಶಕ, ಸಿರಿಂಜೇ ಬೇಡ. ಮಂಜನ್ನು ಮೊದಲು ಶುರು ಮಾಡಿ, ಅದು ಹದಕ್ಕೆ ಬಂದ ಮೇಲೆ ಉಂಡೆ ತಂದಿಟ್ಟೆವು.

ಹನ್ನೊಂದೂವರೆಗೆ ಮುಗಿಯಿತು. ಡಬ್ಬಿಯಲ್ಲಿ ಒಂದು ಕೆಜಿಯಷ್ಟು ಡ್ರೈ ಐಸ್ ಉಳಿದಿತ್ತು. ಹುಡುಗ ಅದನ್ನು ಸಿಂಕಿಗೆ ಸುರಿಯಲು ಹೊರಟಿದ್ದ. ಬೇಡ ಅಂದೆ, ಅಷ್ಟು ಚಳಿಗೆ ಪ್ಲಾಸ್ಟಿಕ್ ಪೈಪ್ ಬಿರುಕು ಬಿಡಬಹುದು. ಮುಚ್ಚಳ ತೆಗೆದ ಡಬ್ಬಿಯನ್ನು ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟು, ಬಾಗಿಲಿಗೆ ಚಿಲಕ ಹಾಕಿ ಬಂದೆವು. ಸಂಜೆ ಹೋಗಿ ನೋಡಿದಾಗ ಡಬ್ಬಿ ಒಣಗಿ ಖಾಲಿ ಇತ್ತು.